ಎಡಬೀಜದ ನೋವು: ಹದಿನೈದು ತಿಂಗಳು, ಮೂರು ಸ್ಕ್ಯಾನು

2022ರ ಜುಲೈನಲ್ಲಿ, ಮಳೆ ಹಿಡಿದ ಒಂದು ಸಂಜೆ, ಶಿವಮೊಗ್ಗದಿಂದ ಭದ್ರಾವತಿಗೆ ಬೈಕಿನಲ್ಲಿ ಮರಳುತ್ತಿದ್ದಾಗ ನನ್ನ ಎಡಬೀಜದಲ್ಲಿ ನೋವು ಕಾಣಿಸಿಕೊಂಡಿತು. ಪೆಟ್ಟು ಬಿದ್ದಿರಲಿಲ್ಲ, ಊತವೂ ಇರಲಿಲ್ಲ. ಯಾರೋ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಬಿಡಲು ಮರೆತಂತಹ ನೋವು. ಮನೆಗೆ ಬಂದು ಮಲಗಿದ ಮೇಲೆ ಇಳಿಯಿತು. ಮರುದಿನ ಕಚೇರಿಯ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತಾಗ ಮತ್ತೆ ಬಂತು. ಆಮೇಲೆ ಹದಿನೈದು ತಿಂಗಳು ಅದು ನನ್ನನ್ನು ಪೂರ್ತಿಯಾಗಿ ಬಿಟ್ಟ ದಿನವೇ ಇಲ್ಲ. ಆಗ ನನಗೆ 36 ವರ್ಷ.

ಈ ಬರಹದಲ್ಲಿ ಬೀಜ ಎಂಬ ಪದವನ್ನೇ ಬಳಸುತ್ತೇನೆ. ಲ್ಯಾಬಿನ ವರದಿಯಲ್ಲಿ ವೃಷಣ ಎಂದಿರುತ್ತದೆ, ನಮ್ಮ ಅಜ್ಜ ತರಡು ಎನ್ನುತ್ತಿದ್ದರು. ನಾನಂತೂ ಮೊದಲ ಕೆಲವು ತಿಂಗಳು ಯಾವ ಪದವನ್ನೂ ಬಾಯಿಗೆ ತರಲಾರದೆ ‘ಕೆಳಗಡೆ ನೋವು’ ಎಂದಷ್ಟೇ ಹೇಳಿದೆ. ಅದರ ಬೆಲೆ ತೆತ್ತಿದ್ದೇನೆ. ನಾನು ಮೊದಲು ಹೋದ ಡಾಕ್ಟರು ಅದನ್ನು ಮೂತ್ರದ ಉರಿ ಎಂದುಕೊಂಡು ಒಂದು ವಾರದ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಅಮ್ಮನಿಗೂ ಅಷ್ಟೇ ಹೇಳಿದ್ದೆ. ಉಷ್ಣವಾಗಿರಬೇಕು ಎಂದು ಅವರು ಬಾರ್ಲಿ ಗಂಜಿ, ಜೀರಿಗೆ ನೀರು ಕೊಟ್ಟು, ತಲೆಗೆ ಹರಳೆಣ್ಣೆ ಹಚ್ಚಿದರು. ಹೆಂಡತಿಗೆ ಹೇಳಿದ್ದು ಡಿಸೆಂಬರಿನಲ್ಲಿ, ಅದೂ ಅವಳೇ ಎದುರು ಕುಳಿತು, “ನೀವು ಯಾಕೆ ನನ್ನಿಂದ ದೂರ ಮಲಗುತ್ತೀರಿ?” ಎಂದು ಕೇಳಿದ ಮೇಲೆ. ಕೂಡಿದ ಮರುದಿನ ನೋವು ಹೆಚ್ಚುತ್ತಿತ್ತು, ಆ ಭಯಕ್ಕೆ ನಾನು ದೂರ ಸರಿದಿದ್ದೆ. ಅವಳು ಬೇರೇನೋ ಕಾರಣ ಊಹಿಸಿಕೊಂಡು ಐದು ತಿಂಗಳು ಒಳಗೊಳಗೇ ಕೊರಗಿದ್ದಳು.

ಬೀಜದ ನೋವು ಎಂದು ಸರಿಯಾಗಿ ಹೇಳಿದ ಮೇಲೆ ಎರಡನೆಯ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಚೀಲದ ಮೇಲೆ ಜೆಲ್ ಹಚ್ಚಿ, ರಕ್ತದ ಹರಿವನ್ನೂ ನೋಡುವ ಡಾಪ್ಲರ್ ಸ್ಕ್ಯಾನ್. ಗಂಟಿಲ್ಲ, ನೀರು ತುಂಬಿಲ್ಲ, ರಕ್ತನಾಳ ಉಬ್ಬಿಲ್ಲ, ಎರಡೂ ಬೀಜಗಳಿಗೆ ರಕ್ತ ಸಮನಾಗಿ ಹರಿಯುತ್ತಿದೆ ಎಂದು ವರದಿ ಬಂತು. ಮೂತ್ರ ಪರೀಕ್ಷೆಯಲ್ಲಿ ಕೀವಿನ ಕಣಗಳಿರಲಿಲ್ಲ, ಕಲ್ಚರಿನಲ್ಲಿ ಯಾವ ಸೂಕ್ಷ್ಮಾಣುವೂ ಬೆಳೆಯಲಿಲ್ಲ. ಆದರೂ ‘ಒಳಗೆಲ್ಲೋ ಸೋಂಕು ಇದ್ದರೆ’ ಎಂದು ಮೂರು ವಾರ ಡಾಕ್ಸಿಸೈಕ್ಲಿನ್ ನುಂಗಿದೆ. ಅದು ಮುಗಿದ ಮೇಲೆ ಇನ್ನೊಬ್ಬರು ನಾಲ್ಕು ವಾರ ಲಿವೋಫ್ಲಾಕ್ಸಾಸಿನ್ ಬರೆದರು. ನಾಲ್ಕನೆಯ ವಾರದಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯತೊಡಗಿ ಮೆಟ್ಟಿಲಿಳಿಯುವುದೇ ಕಷ್ಟವಾಯಿತು. ಆ ಗುಂಪಿನ ಮಾತ್ರೆಗಳಿಗೆ ಆ ಅಡ್ಡಪರಿಣಾಮ ಇರುವುದು ನನಗೆ ತಿಳಿದದ್ದು ಆಮೇಲೆ. ಬೀಜದ ನೋವು ಇದ್ದಲ್ಲೇ ಇತ್ತು.

ಸ್ಕ್ಯಾನು ಸರಿಯಿದೆ ಎಂದರೆ ಸಮಾಧಾನವಾಗಬೇಕಿತ್ತು. ನನಗೆ ಭಯ ಹೆಚ್ಚಾಯಿತು. ಕ್ಯಾನ್ಸರೇ ಇರಬೇಕು, ಇವರಿಗೆ ಕಾಣುತ್ತಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಶೌಚಾಲಯಕ್ಕೆ ಹೋದಾಗಲೆಲ್ಲ ಒತ್ತಿ ನೋಡಿಕೊಳ್ಳುತ್ತಿದ್ದೆ, ದಿನಕ್ಕೆ ಹತ್ತು ಹದಿನೈದು ಸಲ. ಬೀಜದ ಹಿಂಭಾಗದಲ್ಲಿ ಹುಟ್ಟಿನಿಂದಲೇ ಇರುವ ಮೆತ್ತನೆಯ ಸುರುಳಿಯನ್ನು, ಅಂದರೆ ಎಪಿಡಿಡಿಮಿಸನ್ನು, ಗಂಟೆಂದು ಭಾವಿಸಿ ಒಂದು ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಹಾಗೆ ಎರಡನೆಯ ಸ್ಕ್ಯಾನಾಯಿತು, ಮೂರನೆಯದೂ ಆಯಿತು. ಮೂರರಲ್ಲೂ ಒಂದೇ ಮಾತು. ಮೂರನೆಯ ವರದಿ ನೋಡಿದ ವೈದ್ಯರೊಬ್ಬರು, “ಏನೂ ಇಲ್ಲ, ಟೆನ್ಷನ್ ಬಿಡಿ,” ಎಂದು ಕಾಗದವನ್ನು ನನ್ನ ಕಡೆ ಸರಿಸಿದರು. ಆ ದಿನ ಅವರ ಕೋಣೆಯಿಂದ ಹೊರಬಂದಾಗ ನನಗಾದ ಒಂಟಿತನವನ್ನು ಇಂದಿಗೂ ಮರೆತಿಲ್ಲ.

2023ರ ಅಕ್ಟೋಬರಿನಲ್ಲಿ ಭಾವನ ಒತ್ತಾಯಕ್ಕೆ ಬೆಂಗಳೂರಿಗೆ ಹೋಗಿ, ಪುರುಷರ ಇಂತಹ ದೀರ್ಘ ನೋವುಗಳನ್ನೇ ಹೆಚ್ಚಾಗಿ ನೋಡುವ ಮೂತ್ರರೋಗ ತಜ್ಞರೊಬ್ಬರನ್ನು ಕಂಡೆ. ಅವರು ಸ್ಕ್ಯಾನಿನ ಕವರನ್ನು ತೆರೆಯದೆ ಪಕ್ಕಕ್ಕಿಟ್ಟರು. “ವರದಿ ಆಮೇಲೆ ನೋಡುತ್ತೇನೆ. ಮೊದಲು ನೀವು ಹೇಳಿ,” ಎಂದರು. ಮುಕ್ಕಾಲು ಗಂಟೆ ಕೇಳಿದರು. ಆ ಪ್ರಶ್ನೆಗಳಲ್ಲೇ ಅರ್ಧ ರೋಗನಿರ್ಣಯವಿತ್ತು ಎಂದು ಈಗ ಅನ್ನಿಸುತ್ತದೆ, ಆದ್ದರಿಂದ ಅವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೋವು ಎಂದಾದರೂ ಸಿಡಿಲು ಬಡಿದಂತೆ ಒಮ್ಮೆಲೇ ಬಂದು, ವಾಂತಿಯಾಗಿ, ಬೀಜ ಮೇಲಕ್ಕೆ ಎಳೆದುಕೊಂಡಿತ್ತೇ ಎಂಬುದು ಮೊದಲ ಪ್ರಶ್ನೆ. ಬೀಜ ತಿರುಚಿಕೊಂಡರೆ ಹಾಗಾಗುತ್ತದೆ, ಆಗ ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಅದು ಬೇರೆಯೇ ವಿಷಯ ಎಂದರು. ಒಮ್ಮೊಮ್ಮೆ ತಿರುಚಿ ತಾನಾಗಿ ಬಿಚ್ಚಿಕೊಳ್ಳುವುದೂ ಉಂಟಂತೆ. ನನಗೆ ಹಾಗಾಗಿರಲಿಲ್ಲ. ಹರ್ನಿಯಾ ಆಪರೇಷನ್ ಆಗಿದೆಯೇ, ಸಂತಾನಹರಣ ಚಿಕಿತ್ಸೆ ಆಗಿದೆಯೇ, ಮೂತ್ರದಲ್ಲಿ ಕಲ್ಲು ಹೋಗಿದೆಯೇ, ಬೆನ್ನು ಅಥವಾ ಸೊಂಟದ ಕೀಲು ನೋಯುತ್ತದೆಯೇ ಎಂದೂ ಕೇಳಿದರು. ಕಲ್ಲಿಗೂ ಬೆನ್ನಿಗೂ ಬೀಜಕ್ಕೂ ಏನು ಸಂಬಂಧ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ನಿಂತಿತು. ಗರ್ಭದಲ್ಲಿರುವಾಗ ಬೀಜ ಮೂಡುವುದು ಹೊಟ್ಟೆಯಲ್ಲಿ, ಮೂತ್ರಪಿಂಡದ ಪಕ್ಕದಲ್ಲಿ. ಅಲ್ಲಿಂದ ತನ್ನ ರಕ್ತನಾಳ, ನರಗಳನ್ನು ಎಳೆದುಕೊಂಡೇ ಕೆಳಗಿನ ಚೀಲಕ್ಕೆ ಇಳಿಯುತ್ತದೆ. ಹಾಗಾಗಿ ಅದರ ನರಗಳ ತವರು ಬೆನ್ನಿನಲ್ಲಿ, ಮೂತ್ರಪಿಂಡದ ಎತ್ತರದಲ್ಲೇ ಉಳಿದಿದೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿದರೂ, ಬೆನ್ನಿನಲ್ಲಿ ನರ ಒತ್ತಿದರೂ, ತೊಡೆಸಂದಿನಲ್ಲಿ ನರ ಸಿಕ್ಕಿಕೊಂಡರೂ ನೋವು ಬೀಜದಲ್ಲಿ ಕಾಣಿಸಬಹುದು. ನೋವು ಕಾಣುವ ಜಾಗವೇ ನೋವು ಹುಟ್ಟುವ ಜಾಗ ಆಗಿರಬೇಕಿಲ್ಲ. ಬೀಜವನ್ನಷ್ಟೇ ಸ್ಕ್ಯಾನ್ ಮಾಡಿ ಏನೂ ಇಲ್ಲ ಎಂದರೆ, ಬೀಜದಲ್ಲಿ ಏನೂ ಇಲ್ಲ ಎಂದಷ್ಟೇ ಅರ್ಥ.

ಆಮೇಲಿನ ಪ್ರಶ್ನೆಗಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕುಳಿತರೆ ಹೆಚ್ಚೋ, ನಡೆದರೆ ಹೆಚ್ಚೋ? ಕುಳಿತರೆ. ಮಲಗಿದರೆ? ಇಳಿಯುತ್ತದೆ. ಮಲಬದ್ಧತೆ ಇದೆಯೇ? ಇದೆ, ಆ ದಿನಗಳಲ್ಲಿ ನೋವೂ ಜಾಸ್ತಿ. ಮೂತ್ರಕ್ಕೆ ನಿಂತಾಗ ಶುರುವಾಗಲು ಕಾಯಬೇಕೇ? ಹೌದು, ಸಾರ್ವಜನಿಕ ಶೌಚಾಲಯದಲ್ಲಂತೂ ಬಹಳ ಹೊತ್ತು. ವೀರ್ಯ ಹೋಗುವಾಗ ನೋವೋ, ಆಮೇಲೋ? ಆಮೇಲೆ, ಮರುದಿನ. ಯೋಗ, ಜಿಮ್ ಏನಾದರೂ? ಇದಕ್ಕೆ ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ: ನೋವು ಬಂದ ಮೇಲೆ, ಆ ಭಾಗಕ್ಕೆ ಬಲ ಬರಲಿ ಎಂದು ಯೋಗದ ಮೇಷ್ಟರು ಕಲಿಸಿದ ಮೂಲಬಂಧವನ್ನು ದಿನಕ್ಕೆ ಎರಡು ಹೊತ್ತು ತಪ್ಪದೆ ಮಾಡುತ್ತಿದ್ದೇನೆ. ಡಾಕ್ಟರು ಪೆನ್ನು ಕೆಳಗಿಟ್ಟು, “ಅದನ್ನು ಇವತ್ತಿನಿಂದ ನಿಲ್ಲಿಸಿ. ಯಾಕೆಂದು ಪರೀಕ್ಷೆ ಮಾಡಿದ ಮೇಲೆ ಹೇಳುತ್ತೇನೆ,” ಎಂದರು.

ಪರೀಕ್ಷೆ ನಿಂತ ಭಂಗಿಯಲ್ಲಿ ಆರಂಭವಾಯಿತು. ಉಬ್ಬಿದ ರಕ್ತನಾಳವೂ ಹರ್ನಿಯಾವೂ ನಿಂತಾಗ, ಕೆಮ್ಮಿದಾಗ ಚೆನ್ನಾಗಿ ತಿಳಿಯುತ್ತವೆ ಎಂಬುದು ಕಾರಣ. ಮೊದಲು ನೋವಿಲ್ಲದ ಬಲಭಾಗ, ಆಮೇಲೆ ಎಡಭಾಗ. ಬೀಜ, ಅದರ ಹಿಂದಿನ ಎಪಿಡಿಡಿಮಿಸ್, ವೀರ್ಯನಾಳ, ಬೀಜವನ್ನು ತೂಗುಹಾಕಿರುವ ಹುರಿ, ಇವುಗಳನ್ನು ಒಂದೊಂದಾಗಿ ಎರಡು ಬೆರಳ ನಡುವೆ ಹಿಡಿದು, “ಇದು ನಿಮ್ಮ ನೋವೇ?” ಎಂದು ಕೇಳುತ್ತಾ ಹೋದರು. ಬೇರೆಯವರು ‘ನೋಯುತ್ತದೆಯೇ’ ಎಂದು ಕೇಳಿದ್ದರು. ಒತ್ತಿದರೆ ಬೀಜ ಯಾರಿಗಾದರೂ ನೋಯುತ್ತದೆ. ಇವರು ಕೇಳಿದ್ದು ನಾನು ದಿನವೂ ಅನುಭವಿಸುವ ಅದೇ ನೋವು ಎಲ್ಲಿ ಒತ್ತಿದರೆ ಏಳುತ್ತದೆ ಎಂದು. ಎಪಿಡಿಡಿಮಿಸಿನಲ್ಲಿ ಸ್ವಲ್ಪ ಹಾಗೆನ್ನಿಸಿತು, ಹುರಿಯಲ್ಲೂ ಸ್ವಲ್ಪ. ಹತ್ತಿಯ ಎಳೆಯಿಂದ ತೊಡೆಯ ಒಳಭಾಗ ಸವರಿ ಸ್ಪರ್ಶ ನೋಡಿದರು. ಮಲಗಿಸಿ ಕಾಲೆತ್ತಿ ಬೆನ್ನಿನ ನರ ನೋಡಿದರು, ಸೊಂಟದ ಕೀಲು ತಿರುಗಿಸಿದರು. ಎಲ್ಲವೂ ಸರಿಯಿತ್ತು. ಆದ್ದರಿಂದ ಬೆನ್ನಿನ ಎಂಆರ್‌ಐ ಬೇಡವೆಂದರು.

ಕೊನೆಯದು ಗುದದ್ವಾರದ ಮೂಲಕ ಬೆರಳಿನ ಪರೀಕ್ಷೆ. ನಾನು ಹಿಂಜರಿದೆ. ಅವಸರವಿಲ್ಲ ಎಂದು ಕಾದರು. ಪ್ರಾಸ್ಟೇಟ್ ಮೃದುವಾಗಿದೆ, ನೋವಿಲ್ಲ ಎಂದ ಮೇಲೆ ಬೆರಳನ್ನು ಎಡಗೋಡೆಯ ಕಡೆ ತಿರುಗಿಸಿ ಒಂದು ಕಡೆ ಒತ್ತಿದರು. ನಾನು ಕೂಗಿಕೊಂಡೆ. ಬೆರಳಿದ್ದುದು ಗುದದ ಒಳಗೋಡೆಯ ಮೇಲೆ, ನೋವು ಎದ್ದದ್ದು ಎಡಬೀಜದಲ್ಲಿ. ಹದಿನೈದು ತಿಂಗಳಿನ ಅದೇ ನೋವು, ಅದೇ ಜಾಗ, ಅದೇ ಹೆಬ್ಬೆರಳಿನ ಒತ್ತು. ಬಲಗಡೆ ಅಷ್ಟೇ ಒತ್ತಿದಾಗ ಏನೂ ಆಗಲಿಲ್ಲ. ಬಟ್ಟೆ ಹಾಕಿಕೊಳ್ಳುವಾಗ ನನ್ನ ಕಣ್ಣಲ್ಲಿ ನೀರಿತ್ತು. ನೋವಿಗಲ್ಲ, ಇದು ನನ್ನ ಕಲ್ಪನೆಯಲ್ಲ ಎಂದು ಇನ್ನೊಬ್ಬ ಮನುಷ್ಯನ ಬೆರಳು ಸಾಬೀತು ಮಾಡಿತಲ್ಲ, ಅದಕ್ಕೆ.

ಕಿಬ್ಬೊಟ್ಟೆಯ ಕೆಳಗಿರುವ ಮುಂದಿನ ಮೂಳೆಯಿಂದ ಬಾಲಮೂಳೆಯವರೆಗೆ ಜೋಲಿಯಂತೆ ಹಾಸಿರುವ ಸ್ನಾಯುಗಳಿವೆ. ಮೂತ್ರಕೋಶ, ಕರುಳಿನ ಕೊನೆ ಎಲ್ಲ ಅದರ ಮೇಲೆ ಕುಳಿತಿವೆ. ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ, ನಾನು ತಳದ ಸ್ನಾಯು ಎಂದು ಬರೆಯುತ್ತೇನೆ. ಈ ಸ್ನಾಯು ಸದಾ ಬಿಗಿಹಿಡಿದೇ ಇದ್ದರೆ ಅದರಲ್ಲಿ ಗಂಟುಗಟ್ಟಿದ ಜಾಗಗಳಾಗುತ್ತವೆ, ಅಲ್ಲಿಂದ ನೋವು ಬೀಜಕ್ಕೂ ಶಿಶ್ನದ ತುದಿಗೂ ಹರಡುತ್ತದೆ. ಮೂತ್ರ ಶುರುವಾಗಲು ತಡವಾಗುವುದು, ಮಲಬದ್ಧತೆ, ಕುಳಿತಾಗ ನೋವು, ಮರುದಿನದ ನೋವು ಎಲ್ಲವೂ ಆ ಬಿಗಿತಕ್ಕೆ ಹೊಂದುತ್ತಿದ್ದವು. ಮೂಲಬಂಧವೆಂದರೆ ಅದೇ ಸ್ನಾಯುವನ್ನು ಮೇಲಕ್ಕೆ ಬಿಗಿಯುವುದು. ಸಡಿಲವಾದವರಿಗೆ ಅದು ಒಳ್ಳೆಯದೇ. ಮೊದಲೇ ಬಿಗಿದಿದ್ದ ನಾನು ಎರಡು ಹೊತ್ತು ಇನ್ನಷ್ಟು ಬಿಗಿಯುತ್ತಿದ್ದೆ.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಬೀಜದಲ್ಲಿ ನೋವು ಉಳಿದು, ದಿನನಿತ್ಯದ ಬದುಕಿಗೆ ಅಡ್ಡಿಯಾದರೆ ಅದಕ್ಕೆ ಕ್ರಾನಿಕ್ ಆರ್ಕಿಯಾಲ್ಜಿಯಾ ಎಂದು ಹೆಸರು. ಹೆಸರಿಗೆ ‘ಬಹುಕಾಲದ ಬೀಜದ ನೋವು’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ, ಕಾರಣವನ್ನು ಅದು ಹೇಳುವುದಿಲ್ಲ. ಎಷ್ಟೋ ಜನರಲ್ಲಿ ಕಾರಣ ಸಿಗುವುದೂ ಇಲ್ಲ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಇಷ್ಟು ಕಾಲ ನೋವು ಹರಿದ ಮೇಲೆ ನರಗಳೂ ಬದಲಾಗುತ್ತವೆ ಎಂದರು. “ಹಂದಿ ಬಂದರೆ ತಿಳಿಯಲಿ ಎಂದು ಹೊಲದ ಬೇಲಿಗೆ ಡಬ್ಬ ಕಟ್ಟುತ್ತಾರಲ್ಲ, ತಂತಿ ತೀರಾ ಬಿಗಿಯಾದರೆ ಗಾಳಿ ಬೀಸಿದರೂ ಡಬ್ಬ ಬಡಿದುಕೊಳ್ಳುತ್ತದೆ. ಸದ್ದು ನಿಜ, ಹಂದಿ ಮಾತ್ರ ಇಲ್ಲ.” ಭದ್ರಾವತಿಯ ಕಬ್ಬಿನ ಗದ್ದೆಗಳ ನಡುವೆ ಬೆಳೆದ ನನಗೆ ಅದಕ್ಕಿಂತ ಚೆನ್ನಾಗಿ ಯಾರೂ ತಿಳಿಸಿ ಹೇಳಲಾರರು.

ಆದರೂ ಹುರಿಯಲ್ಲಿ, ಎಪಿಡಿಡಿಮಿಸಿನಲ್ಲಿ ಒತ್ತಿದಾಗಲೂ ಸ್ವಲ್ಪ ನೋವೆದ್ದಿತ್ತು. ನೋವಿನ ಎಷ್ಟು ಪಾಲು ಆ ದಾರಿಯಾಗಿ ಬರುತ್ತಿದೆ ಎಂದು ತಿಳಿಯಲು ಒಂದು ಪರೀಕ್ಷೆಯಿತ್ತು. ಬೀಜದ ಬಹುಪಾಲು ನರಗಳು ಆ ಹುರಿಯೊಳಗೇ ಮೇಲಕ್ಕೆ ಹೋಗುತ್ತವೆ. ತೊಡೆಸಂದಿನಲ್ಲಿ ಹುರಿಯ ಸುತ್ತ ಮರಗಟ್ಟಿಸುವ ಮದ್ದು ಹಾಕಿದರೆ ಕೆಲವು ಗಂಟೆ ಆ ದಾರಿ ಮುಚ್ಚುತ್ತದೆ. ಆಗಲೂ ನೋವು ಉಳಿದರೆ ಅದು ಬೇರೆ ದಾರಿಯಲ್ಲಿ ಬರುತ್ತಿದೆ ಎಂದು ತಿಳಿಯಬಹುದು.

ನವೆಂಬರಿನ ಒಂದು ಬೆಳಿಗ್ಗೆ ಅದಾಯಿತು. ಮಂಚದ ಮೇಲೆ ಮಲಗಿಸಿ, ಮುಂದಿನ ಮೂಳೆಯ ಬಳಿ ಹುರಿಯನ್ನು ಬೆರಳುಗಳ ನಡುವೆ ಹಿಡಿದು, ತೆಳ್ಳಗಿನ ಸೂಜಿಯಿಂದ 0.25 ಶೇಕಡಾ ಬುಪಿವಕೇನ್ ಸುಮಾರು 20 ಮಿಲಿ ಹಾಕಿದರು. ಚುಚ್ಚಿದಾಗ ಕಚ್ಚಿದಂತಾಯಿತು, ಆಮೇಲೆ ಬರೀ ಭಾರ. ಇಂಜೆಕ್ಷನಿಗಿಂತ ಮುಖ್ಯವಾದದ್ದು ಮುಂದಿನ ಕೆಲಸ. “ಮಲಗಿಕೊಂಡು ನೋವಿಲ್ಲ ಎಂದರೆ ನನಗೇನೂ ತಿಳಿಯುವುದಿಲ್ಲ. ನೋವು ಬರಿಸುವುದನ್ನೇ ಮಾಡಿ. ಆ ಮರದ ಬೆಂಚಿನ ಮೇಲೆ ಒಂದೂವರೆ ಗಂಟೆ ಕುಳಿತುಕೊಳ್ಳಿ, ಪ್ರತಿ ಅರ್ಧ ಗಂಟೆಗೆ ಹತ್ತರಲ್ಲಿ ಎಷ್ಟು ಎಂದು ಬರೆಯಿರಿ,” ಎಂದು ಹಾಳೆ ಕೊಟ್ಟರು. ಇಂಜೆಕ್ಷನಿಗೆ ಮುಂಚೆ ಅದೇ ಬೆಂಚಿನ ಮೇಲೆ ಕೂರಿಸಿ ಬರೆಸಿದ ಅಂಕ ಆರು.

ಬೆಂಚಿನಲ್ಲಿ ನನ್ನ ಪಕ್ಕದಲ್ಲಿ ಹಾವೇರಿ ಕಡೆಯ, ಐವತ್ತರ ಹತ್ತಿರದ ರೈತರೊಬ್ಬರು ಕುಳಿತಿದ್ದರು. ಅವರಿಗೂ ಅದೇ ಇಂಜೆಕ್ಷನ್, ಕೈಯಲ್ಲಿ ಅದೇ ಹಾಳೆ. ಅರ್ಧ ಗಂಟೆಯಾದ ಮೇಲೆ ಅವರು ನನ್ನ ಕಡೆ ತಿರುಗಿ, “ತಮ್ಮಾ, ಎರಡು ವರ್ಷದ ಮೇಲೆ ಮೊದಲ ಸಲ ನೋವಿಲ್ಲದೆ ಕುಳಿತಿದ್ದೇನೆ,” ಎಂದರು. ಅವರ ಹಾಳೆಯಲ್ಲಿ ಎಂಟು ಇದ್ದದ್ದು ಸೊನ್ನೆಯಾಗಿತ್ತು. ನನ್ನದು ಆರರಿಂದ ನಾಲ್ಕಕ್ಕೆ ಇಳಿದು ಅಲ್ಲೇ ನಿಂತಿತು. ಒಂದು ಗಂಟೆ, ಒಂದೂವರೆ ಗಂಟೆ, ನಾಲ್ಕೇ. ಚೀಲದ ಚರ್ಮ ಜೋಮು ಹಿಡಿದಿತ್ತು, ಆ ಹೆಬ್ಬೆರಳಿನ ಒತ್ತು ಮಾತ್ರ ಒಳಗೆ ಹಾಗೇ ಇತ್ತು. ಅವರ ಮುಖ ನೋಡಿ ಸಂತೋಷವಾಯಿತು. ನನ್ನ ಪರೀಕ್ಷೆ ವಿಫಲವಾಯಿತು ಎಂದು ದುಃಖವೂ ಆಯಿತು.

ವಿಫಲವಾಗಿಲ್ಲ, ಉತ್ತರ ಸಿಕ್ಕಿದೆ ಎಂದರು ಡಾಕ್ಟರು. ನೋವು ಅರ್ಧಕ್ಕಿಂತ ಹೆಚ್ಚು ಇಳಿದರೆ ಅದು ಹುರಿಯ ನರಗಳ ದಾರಿಯಲ್ಲಿ ಬರುತ್ತಿದೆ ಎಂದು ಎಣಿಸುತ್ತಾರೆ. ಆ ರೈತರಂತಹವರಲ್ಲಿ, ಮಾತ್ರೆಗಳಿಂದ ಗುಣವಾಗದಿದ್ದರೆ ಮತ್ತು ಇನ್ನೊಮ್ಮೆ ಹಾಕಿದಾಗಲೂ ಅದೇ ಫಲ ಬಂದರೆ, ತೊಡೆಸಂದಿನಲ್ಲಿ ಸಣ್ಣ ಗಾಯ ಮಾಡಿ, ಸೂಕ್ಷ್ಮದರ್ಶಕದಡಿ ಬೀಜದ ರಕ್ತನಾಳವನ್ನು ಉಳಿಸಿ, ಹುರಿಯೊಳಗಿನ ನರದ ಎಳೆಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯಿದೆ. ಹಾಗೆ ಆರಿಸಿದವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿಗೆ ನೋವು ಪೂರ್ತಿ ಹೋಗುತ್ತದೆ. ರಕ್ತನಾಳಕ್ಕೆ ಪೆಟ್ಟಾದರೆ ಬೀಜ ಬತ್ತುವ ಅಪಾಯವೂ ಉಂಟು, ಅಪರೂಪವಾಗಿ. ನನ್ನ ಅಂಕ ಮೂರನೇ ಒಂದು ಪಾಲಷ್ಟೇ ಇಳಿದಿದ್ದರಿಂದ ಆ ದಾರಿ ನನಗಲ್ಲ.

ಆಗ ನಾನು ಬಹಳ ದಿನಗಳಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದೆ. “ಎಡದ್ದನ್ನು ತೆಗೆದುಬಿಡಿ ಸರ್. ಎರಡು ಮಕ್ಕಳಿದ್ದಾರೆ, ಇನ್ನೊಂದು ಬೀಜ ಇದೆ.” ಅವರು ನನ್ನ ಮಾತನ್ನು ತಳ್ಳಿಹಾಕಲಿಲ್ಲ. ಎಷ್ಟು ದಿನದಿಂದ ಹೀಗೆ ಅನ್ನಿಸುತ್ತಿದೆ, ನಿದ್ದೆ ಹೇಗಿದೆ, ಬದುಕೇ ಬೇಡ ಎನ್ನಿಸಿದೆಯೇ ಎಂದು ನೇರವಾಗಿ ಕೇಳಿದರು. ಆಮೇಲೆ ಹೇಳಿದರು: ಬೀಜ ತೆಗೆಸಿಕೊಂಡ ಮೇಲೂ ಅದೇ ಜಾಗದಲ್ಲಿ ನೋವು ಉಳಿದವರು ಕಡಿಮೆ ಇಲ್ಲ. ಅದು ಎಲ್ಲ ದಾರಿಗಳೂ ಮುಗಿದ ಮೇಲಿನ ಮಾತು. ನಿಮ್ಮ ನೋವಿನ ದೊಡ್ಡ ಪಾಲು ತಳದ ಸ್ನಾಯುವಿನಿಂದ ಬರುತ್ತಿದೆ. ಬೀಜವನ್ನು ತೆಗೆದರೆ ಆ ಸ್ನಾಯು ಇದ್ದಲ್ಲೇ ಇರುತ್ತದೆ. ಆ ಬೆಂಚಿನ ಒಂದೂವರೆ ಗಂಟೆ ನನ್ನನ್ನು ಒಂದು ದೊಡ್ಡ ತಪ್ಪಿನಿಂದ ಉಳಿಸಿತು.

ಚಿಕಿತ್ಸೆ ಮೂರು ಎಳೆಗಳಲ್ಲಿ ನಡೆಯಿತು. ಮೊದಲನೆಯದು ರಾತ್ರಿ ಒಂದು ಮಾತ್ರೆ, ನಾರ್ಟ್ರಿಪ್ಟಿಲಿನ್ 10 ಮಿಲಿಗ್ರಾಂ. ಎರಡು ವಾರದ ನಂತರ 25ಕ್ಕೆ ಏರಿಸಿದರು. ಇದು ಖಿನ್ನತೆಗೆ ಕೊಡುವ ಮಾತ್ರೆ ಎಂದು ಔಷಧದ ಅಂಗಡಿಯವನು ಹೇಳಿದಾಗ ಹೆಂಡತಿ ಗಾಬರಿಯಾದಳು. ಖಿನ್ನತೆಗೆ ಇದರ ಪ್ರಮಾಣ ಹಲವು ಪಟ್ಟು ಹೆಚ್ಚು, ಸಣ್ಣ ಪ್ರಮಾಣದಲ್ಲಿ ಇದು ನೋವಿನ ನರಗಳ ಗದ್ದಲವನ್ನು ತಗ್ಗಿಸುತ್ತದೆ, ಡಬ್ಬದ ತಂತಿಯನ್ನು ಸಡಿಲಿಸುತ್ತದೆ. ನೋವು ಬಂದಾಗ ನುಂಗಿ ಇಳಿಸಿಕೊಳ್ಳುವ ಮಾತ್ರೆ ಇದಲ್ಲ, ಮೂರು ನಾಲ್ಕು ವಾರ ತಪ್ಪದೆ ತೆಗೆದುಕೊಂಡ ಮೇಲೆಯೇ ಫಲವನ್ನು ಅಳೆಯಬೇಕು. ಮೊದಲ ವಾರ ಬಾಯಿ ಒಣಗಿತು, ಬೆಳಿಗ್ಗೆ ಮಂಪರಿತ್ತು. ಮಲಬದ್ಧತೆ ಹೆಚ್ಚಾಯಿತು, ಅದೇ ನನಗೆ ದೊಡ್ಡ ತೊಂದರೆ. ರಾತ್ರಿ ಇಸಬ್ಗೋಲ್, ಬೆಳಿಗ್ಗೆ ಎರಡು ಲೋಟ ನೀರು ಕುಡಿದು ಅದನ್ನು ಸರಿದೂಗಿಸಿದೆ.

ಎರಡನೆಯದು ಆಧಾರ. ಅಜ್ಜನ ಕಾಲದ ಲಂಗೋಟಿ ನನಗೆ ನೆನಪಾದದ್ದು ಆಗ. ಬೀಜದ ತೂಕ ಹುರಿಯನ್ನು ಎಳೆಯದಂತೆ ಬಿಗಿಯಾದ ಒಳ ಉಡುಪು ಹಾಕಿಕೊಂಡೆ. ಬೈಕ್ ಬಿಟ್ಟು ಮೂರು ತಿಂಗಳು ಬಸ್ಸಿನಲ್ಲಿ ಹೋದೆ. ನಲವತ್ತು ನಿಮಿಷಕ್ಕೊಮ್ಮೆ ಕುರ್ಚಿಯಿಂದ ಏಳುತ್ತಿದ್ದೆ. ಒತ್ತಿ ನೋಡಿಕೊಳ್ಳುವುದಕ್ಕೆ ಕಟ್ಟುನಿಟ್ಟಿನ ಕಡಿವಾಣ: ತಿಂಗಳಿಗೆ ಒಮ್ಮೆ, ಸ್ನಾನದ ಹೊತ್ತಿನಲ್ಲಿ, ಅಷ್ಟೇ. ದಿನಕ್ಕೆ ಹದಿನೈದು ಸಲ ಹಿಂಡಿದರೆ ಆರೋಗ್ಯವಂತ ಬೀಜವೂ ನೋಯುತ್ತದೆ ಎಂದಿದ್ದರು. ಇದು ನನಗೆ ಮಾತ್ರೆಗಿಂತ ಕಠಿಣವಾಗಿತ್ತು.

ಮೂರನೆಯದು, ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ತಳದ ಸ್ನಾಯುವಿನ ಫಿಸಿಯೋಥೆರಪಿ. ಇದನ್ನು ಬಲ್ಲವರು ನಮ್ಮ ಕಡೆ ವಿರಳ. ಇರುವವರಲ್ಲಿ ಹೆಚ್ಚಿನವರು ಹೆರಿಗೆಯಾದ ಹೆಂಗಸರಿಗೆ ಸ್ನಾಯು ಬಲಪಡಿಸುವುದನ್ನು ಕಲಿಸುವವರು. ಸಡಿಲಿಸುವುದನ್ನು ಕಲಿಸುವವರೇ ಬೇಕು ಎಂದು ಡಾಕ್ಟರು ಚೀಟಿಯಲ್ಲೇ ಬರೆದುಕೊಟ್ಟರು. ಬೆಂಗಳೂರಿನಲ್ಲಿ ಒಬ್ಬರು ಸಿಕ್ಕರು. ಎರಡು ವಾರಕ್ಕೊಮ್ಮೆ ರೈಲಿನಲ್ಲಿ ಹೋಗಿಬಂದು ಎಂಟು ಸಲ ಮಾಡಿಸಿಕೊಂಡೆ. ಮೊದಲೆರಡು ಸಲ ಹೊರಗಿನಿಂದ ಮಾತ್ರ: ತೊಡೆಯ ಒಳಸ್ನಾಯು, ಕಿಬ್ಬೊಟ್ಟೆ, ಪೃಷ್ಠ. ಮೂರನೆಯ ಸಲದಿಂದ ಗವಸು ತೊಟ್ಟ ಬೆರಳಿನಿಂದ ಒಳಗಿನ ಗಂಟನ್ನು ಮೆಲ್ಲಗೆ ಒತ್ತಿ, ನಾನು ಉಸಿರು ಬಿಡುತ್ತಾ ಅದು ಕರಗುವವರೆಗೆ, ಒಂದು ಒಂದೂವರೆ ನಿಮಿಷ ಹಿಡಿಯುತ್ತಿದ್ದರು. ಪ್ರತಿ ಸಲವೂ ಮೊದಲೇ ತಿಳಿಸಿ, ಒಪ್ಪಿಗೆ ಕೇಳಿಯೇ ಮಾಡುತ್ತಿದ್ದರು. ಮರುದಿನ ನೋವು ಸ್ವಲ್ಪ ಹೆಚ್ಚಿ ಆಮೇಲೆ ಇಳಿಯುತ್ತಿತ್ತು.

ಮನೆಯಲ್ಲಿ ದಿನಕ್ಕೆ ಎರಡು ಸಲ ಹತ್ತು ನಿಮಿಷ ಹೊಟ್ಟೆಯ ಉಸಿರಾಟ. ಉಸಿರು ಒಳಗೆಳೆದಾಗ ಹೊಟ್ಟೆಯ ಜೊತೆಗೆ ತಳವೂ ಕೆಳಗಿಳಿಯಬೇಕು. ಮೂತ್ರ ಶುರುವಾಗುವ ಆ ಕ್ಷಣದಲ್ಲಿ ಒಳಗೆ ಬಿಟ್ಟುಕೊಟ್ಟಂತಾಗುತ್ತದಲ್ಲ, ಅದೇ ಭಾವ ಎಂದು ಅವರು ಗುರುತು ಹೇಳಿಕೊಟ್ಟರು. ಅದು ನನಗೆ ಕೈಗೂಡಲು ಮೂರು ವಾರ ಹಿಡಿಯಿತು. ಜೊತೆಗೆ ಬಾಲಾಸನ, ಆನಂದ ಬಾಲಾಸನ. ಕಷ್ಟದ ಕೆಲಸ ಬೇರೆ ಇತ್ತು: ದಿನದಲ್ಲಿ ಯಾವಾಗ ಬಿಗಿಯುತ್ತೇನೆ ಎಂದು ಕಂಡುಕೊಳ್ಳುವುದು. ನಾನು ಪತ್ತಿನ ಸಹಕಾರ ಸಂಘವೊಂದರಲ್ಲಿ ಸಾಲ ವಸೂಲಿ ನೋಡಿಕೊಳ್ಳುತ್ತೇನೆ. ಬಾಕಿದಾರರು ಕೌಂಟರಿನ ಮುಂದೆ ನಿಂತು ಗಟ್ಟಿಯಾಗಿ ಮಾತಾಡುವಾಗ, ವರ್ಷಾಂತ್ಯದ ಲೆಕ್ಕ ತಾಳೆಯಾಗದಿದ್ದಾಗ, ನನ್ನ ತಳದ ಸ್ನಾಯು ಮುಷ್ಟಿ ಕಟ್ಟಿದಂತೆ ಮೇಲೆಳೆದುಕೊಂಡಿರುತ್ತಿತ್ತು. ಕೆಲವರು ಹಲ್ಲು ಕಚ್ಚುತ್ತಾರೆ, ನಾನು ಅಲ್ಲಿ ಬಿಗಿಯುತ್ತಿದ್ದೆ. ವರ್ಷಗಟ್ಟಲೆ ಬಿಗಿದಿದ್ದೇನೆ, ತಿಳಿದೇ ಇರಲಿಲ್ಲ.

ಸರಾಸರಿ ಅಂಕವನ್ನು ವಾರಕ್ಕೊಮ್ಮೆ ಡೈರಿಯಲ್ಲಿ ಬರೆಯುತ್ತಿದ್ದೆ. ನವೆಂಬರಿನಲ್ಲಿ ಆರು, ಡಿಸೆಂಬರ್ ಕೊನೆಗೆ ಐದು. ಜನವರಿಯಲ್ಲಿ ಏನೂ ಬದಲಾಗಲಿಲ್ಲ, ಬಿಟ್ಟುಬಿಡೋಣ ಎನ್ನಿಸಿತ್ತು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಿಂದ ಏಳುವಾಗ, ಎರಡು ಗಂಟೆಯಿಂದ ನೋವಿನ ನೆನಪೇ ಬಂದಿಲ್ಲವೆಂದು ಹೊಳೆಯಿತು. ಮೇ 2024ಕ್ಕೆ ಎರಡು. ಅದಕ್ಕಿಂತ ಕೆಳಗೆ ಇಳಿದಿಲ್ಲ, ಇಳಿಯುತ್ತದೆಂದು ಡಾಕ್ಟರೂ ಮಾತು ಕೊಡಲಿಲ್ಲ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸದೆ ಆರು ವಾರದಲ್ಲಿ ಇಳಿಸುತ್ತಾ ಬಂದು ಬಿಟ್ಟೆ. ಹೆಂಡತಿಯೂ ನಾನೂ ಮತ್ತೆ ಹತ್ತಿರವಾದೆವು. ಮರುದಿನ ಸ್ವಲ್ಪ ನೋವಾದರೆ, “ಇವತ್ತು ಎಷ್ಟು?” ಎಂದು ಅವಳೇ ಕೇಳುತ್ತಾಳೆ, ನಾನು ಅಂಕ ಹೇಳುತ್ತೇನೆ.

ಕಳೆದ ತಿಂಗಳು ಮದುವೆಗೆಂದು ಬಸ್ಸಿನಲ್ಲಿ ಒಂಬತ್ತು ಗಂಟೆ ಕುಳಿತು ಕಲಬುರಗಿಗೆ ಹೋದೆ. ದಾರಿಯಲ್ಲಿ ಹೊಟ್ಟೆ ಕಟ್ಟಿತು, ಮರುದಿನ ನೋವು ಐದಕ್ಕೆ ಏರಿತು. ಜ್ವರವಿಲ್ಲ, ಊತವಿಲ್ಲ, ಒಮ್ಮೆಲೇ ಬಂದದ್ದಲ್ಲ ಎಂದು ಮೊದಲು ಖಚಿತಪಡಿಸಿಕೊಂಡೆ. ಬೀಗರ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಚಾಪೆಯ ಮೇಲೆ ಮೊಣಕಾಲು ಮಡಚಿ ಮಲಗಿ, ಉಸಿರನ್ನು ಕೆಳಗೆ ಬಿಡುತ್ತಾ ಹೋದೆ. ಎರಡನೆಯ ದಿನ ನಾಲ್ಕಿತ್ತು, ನಾಲ್ಕನೆಯ ದಿನ ಮೂರು. ಐದನೆಯ ದಿನ ಭದ್ರಾವತಿಗೆ ಮರಳಿ ಡೈರಿಯಲ್ಲಿ ಎರಡು ಎಂದು ಬರೆದು, ಕಚೇರಿಗೆ ಹೋದೆ. ಈ ಐದು ದಿನಗಳಲ್ಲಿ ಒಂದು ಸಲವೂ ಒತ್ತಿ ನೋಡಿಕೊಳ್ಳಲಿಲ್ಲ.